ಪತ್ರ ಮೌನವಾದಲ್ಲಿ ಕಾನೂನು ಹಂಚುವ ಸಮಪಾಲು

ಭಾರತದಲ್ಲಿ ಪಾಲುದಾರಿಕೆಯ ನಿಯಮಗಳು 1932ರವರೆಗೆ 1872ರ ಕರಾರು ಕಾಯಿದೆಯ ಒಂದು ಅಧ್ಯಾಯವಾಗಿದ್ದವು. ಬೇರೆ ಕರಾರಿಲ್ಲದಿದ್ದರೆ ಲಾಭವೂ ನಷ್ಟವೂ ಎಲ್ಲರಿಗೆ ಸಮಪಾಲು ಎಂದು ಆ ಅಧ್ಯಾಯ ವಿಧಿಸಿತ್ತು. ಒಬ್ಬ ಪಾಲುದಾರ ಹೊರಬಿದ್ದರೆ ಉಳಿದವರ ನಡುವಿನ ಪಾಲುದಾರಿಕೆಯೂ ಮುಗಿಯಿತೆಂದು ಅದು ಪರಿಗಣಿಸುತ್ತಿತ್ತು. 1932ರ ಪಾಲುದಾರಿಕೆ ಕಾಯಿದೆ ಮೊದಲ ನಿಯಮವನ್ನು 13ನೇ ಕಲಮಿನಲ್ಲಿ ಉಳಿಸಿಕೊಂಡಿತು. ಎರಡನೆಯದನ್ನು ಬದಲಿಸಿ, ಒಬ್ಬನ ನಿವೃತ್ತಿಯನ್ನು ಸಂಸ್ಥೆಯ ವಿಸರ್ಜನೆಯಿಂದ ಬೇರ್ಪಡಿಸಿತು. ಪಾಲುದಾರಿಕೆ ಪತ್ರದ ಬಂಡವಾಳ, ಲಾಭ ಹಂಚಿಕೆ ಮತ್ತು ನಿವೃತ್ತಿಯ ಷರತ್ತುಗಳು ಇಂದಿನ ರೂಪಕ್ಕೆ ಬಂದದ್ದು ಈ ಎರಡು ನಿಯಮಗಳಿಗೆ ಉತ್ತರವಾಗಿ.

ಉದಾಹರಣೆಗಾಗಿ ಮೂವರು ಸೇರಿ ಅಡಿಕೆ ವ್ಯಾಪಾರ ಆರಂಭಿಸುತ್ತಾರೆ ಎಂದುಕೊಳ್ಳಬಹುದು. ಮೊದಲನೆಯವರು 12 ಲಕ್ಷ, ಎರಡನೆಯವರು 6 ಲಕ್ಷ, ದಿನವಿಡೀ ಮಂಡಿಯಲ್ಲಿ ದುಡಿಯುವ ಮೂರನೆಯವರು 2 ಲಕ್ಷ ರೂಪಾಯಿ ಹಾಕುತ್ತಾರೆ. ಬಂಡವಾಳದ ಪ್ರಮಾಣದಲ್ಲಿಯೇ ಲಾಭ ಬರುತ್ತದೆಂದು ಮೊದಲನೆಯವರು ನಂಬಿರಬಹುದು. ಆದರೆ ಪತ್ರದಲ್ಲಾಗಲಿ ನಡವಳಿಕೆಯಲ್ಲಾಗಲಿ ಅಂಥ ಒಪ್ಪಂದ ಕಾಣದಿದ್ದರೆ ಕಾನೂನು ಮೂವರನ್ನೂ ಸಮನಾಗಿ ನೋಡುತ್ತದೆ, ಬಂಡವಾಳಕ್ಕೆ ಬಡ್ಡಿಯನ್ನೂ ಕೊಡುವುದಿಲ್ಲ. ನಷ್ಟದಲ್ಲಿ ಈ ಸಮತೆ ಇನ್ನೂ ಕಠಿಣವಾಗುತ್ತದೆ: 9 ಲಕ್ಷ ನಷ್ಟವಾಗಿ ವ್ಯಾಪಾರ ಮುಚ್ಚಿದರೆ ತಲಾ 3 ಲಕ್ಷದ ಹೊಣೆ ಬರುವುದರಿಂದ, ಮೂರನೆಯವರು ತಮ್ಮ ಬಂಡವಾಳವನ್ನೆಲ್ಲ ಕಳೆದುಕೊಂಡ ಮೇಲೂ ಕೈಯಿಂದ 1 ಲಕ್ಷ ತರಬೇಕಾಗುತ್ತದೆ.

ಹಣಕ್ಕೂ ದುಡಿಮೆಗೂ ಬೇರೆಬೇರೆ ಪ್ರತಿಫಲ ಕೊಡುವ ಎರಡು ಹಂತದ ಹಂಚಿಕೆ ಬಳಕೆಗೆ ಬಂದದ್ದು ಇದೇ ಕಾರಣಕ್ಕೆ. ಬಂಡವಾಳಕ್ಕೆ ಶೇ. 12ರ ಬಡ್ಡಿ, ಉಳಿದ ಲಾಭ 30:30:40ರ ಪ್ರಮಾಣದಲ್ಲಿ ಎಂದು ಪತ್ರ ಹೇಳಿದರೆ, 8 ಲಕ್ಷ ಲಾಭದಲ್ಲಿ ಬಡ್ಡಿಗೆ 2,40,000 ಹೋಗಿ 5,60,000 ಹಂಚಿಕೆಗೆ ಉಳಿಯುತ್ತದೆ. ಎರಡನ್ನೂ ಕೂಡಿಸಿದಾಗ ಮೂವರಿಗೆ ಕ್ರಮವಾಗಿ 3,12,000, 2,40,000 ಮತ್ತು 2,48,000 ರೂಪಾಯಿ ಸಲ್ಲುತ್ತದೆ. ಕರಾರು ಬೇರೆ ರೀತಿ ಹೇಳದಿದ್ದರೆ ಇಂಥ ಬಡ್ಡಿ ಲಾಭದಿಂದ ಮಾತ್ರ ಸಲ್ಲತಕ್ಕದ್ದು. ಆದರೆ ಪಾಲುದಾರರೊಬ್ಬರು ಒಪ್ಪಿದ ಬಂಡವಾಳಕ್ಕಿಂತ ಹೆಚ್ಚು ಹಣವನ್ನು ವ್ಯಾಪಾರಕ್ಕೆ ಮುಂಗಡವಾಗಿ ಕೊಟ್ಟರೆ ಅದಕ್ಕೆ ಶೇ. 6ರ ಬಡ್ಡಿಯ ಹಕ್ಕನ್ನು ಕಾಯಿದೆಯೇ ನೀಡುತ್ತದೆ. ಆದ್ದರಿಂದ ಮುಂದೆ ಬರುವ ಪ್ರತಿ ಮೊತ್ತ ಬಂಡವಾಳವೋ ಸಾಲವೋ ಎಂಬುದನ್ನು ಹೇಗೆ ದಾಖಲಿಸಬೇಕೆಂದು ಪತ್ರದಲ್ಲಿ ಬರೆಯಬೇಕು. ನಷ್ಟದ ಪ್ರಮಾಣವನ್ನೂ ಪ್ರತ್ಯೇಕ ವಾಕ್ಯದಲ್ಲಿ ನಮೂದಿಸಬೇಕು.

ನಿವೃತ್ತಿಯ ವಿಷಯದಲ್ಲಿ 32ನೇ ಕಲಮು ಮೂರು ದಾರಿಗಳನ್ನು ತೋರಿಸುತ್ತದೆ: ಎಲ್ಲರ ಸಮ್ಮತಿ, ಪತ್ರದಲ್ಲಿನ ಸ್ಪಷ್ಟ ಒಪ್ಪಂದ, ಮತ್ತು ಇಚ್ಛಾಧೀನ ಪಾಲುದಾರಿಕೆಯಲ್ಲಿ, ಎಂದರೆ ಅವಧಿಯನ್ನಾಗಲಿ ಕೊನೆಗೊಳ್ಳುವ ಬಗೆಯನ್ನಾಗಲಿ ಗೊತ್ತುಪಡಿಸದ ಪಾಲುದಾರಿಕೆಯಲ್ಲಿ, ಉಳಿದೆಲ್ಲರಿಗೂ ಲಿಖಿತ ನೋಟಿಸು. ಆದರೆ ಇಚ್ಛಾಧೀನ ಪಾಲುದಾರಿಕೆಯಲ್ಲಿ 43ನೇ ಕಲಮಿನ ಪ್ರಕಾರ ಒಬ್ಬರು ನೋಟಿಸಿನಿಂದ ಇಡೀ ಸಂಸ್ಥೆಯನ್ನೇ ವಿಸರ್ಜಿಸಬಹುದು. ಹೋಗುವವರಿಗೆ ದಾರಿ ಕೊಟ್ಟು ವ್ಯಾಪಾರವನ್ನೂ ಉಳಿಸಬೇಕಾದರೆ ಪತ್ರ ಎರಡನೆಯ ದಾರಿಯನ್ನೇ ಹಿಡಿಯಬೇಕು.

ಆ ಷರತ್ತಿನ ಜೀವಾಳ ಮೌಲ್ಯಮಾಪನ. ಮೇಲಿನ ಸಂಸ್ಥೆ ಒಂದು ವರ್ಷದ ಲಾಭ ಹಂಚಿ ಮುಗಿಸಿದ ಮೇಲೆ ಮೂರನೆಯವರು ನಿವೃತ್ತರಾಗುತ್ತಾರೆ, ಲೆಕ್ಕಪುಸ್ತಕದಲ್ಲಿ 10 ಲಕ್ಷವಿರುವ ಗೋದಾಮು 16 ಲಕ್ಷ ಬಾಳುತ್ತದೆ ಎಂದಾದರೆ, ಹೆಚ್ಚಳದಲ್ಲಿ ಅವರ ಪಾಲು 2,40,000. ಬಡ್ಡಿ ಕಳೆದ ಒಂದು ವರ್ಷದ ಲಾಭವನ್ನೇ ಗುಡ್‌ವಿಲ್, ಎಂದರೆ ಗ್ರಾಹಕರ ವಿಶ್ವಾಸದಿಂದ ಹುಟ್ಟಿದ ವ್ಯಾಪಾರದ ಬೆಲೆ, ಎಂದು ಎಣಿಸಲು ಒಪ್ಪಿದ್ದರೆ ಅದರಲ್ಲಿ 2,24,000. ಬಂಡವಾಳ ಸೇರಿ ಒಟ್ಟು 6,64,000. “ಬಂಡವಾಳವನ್ನು ಹಿಂದಿರುಗಿಸತಕ್ಕದ್ದು, ಬೇರಾವ ಹಕ್ಕೂ ಇರತಕ್ಕದ್ದಲ್ಲ” ಎಂದು ಮಾತ್ರ ಬರೆದಿದ್ದರೆ ಅವರು ವರ್ಷವಿಡೀ ಕಟ್ಟಿದ ವ್ಯಾಪಾರದಿಂದ 2 ಲಕ್ಷದೊಂದಿಗೆ ಹೊರಡುತ್ತಾರೆ.

ಹೀಗಾಗಿ ಉತ್ತಮ ಕರಡು ಇಷ್ಟನ್ನಾದರೂ ಹೇಳುತ್ತದೆ: “ನಿವೃತ್ತರಾಗಬಯಸುವ ಪಾಲುದಾರರು ಮೂರು ತಿಂಗಳ ಲಿಖಿತ ನೋಟಿಸು ನೀಡತಕ್ಕದ್ದು, ನೋಟಿಸಿನ ಅವಧಿ ಮುಗಿದ ದಿನದ ಮಾರುಕಟ್ಟೆ ಬೆಲೆಯಂತೆ ಆಸ್ತಿ ಮತ್ತು ಹೊಣೆಗಳ ಮೌಲ್ಯವನ್ನು ಎಲ್ಲರೂ ಒಪ್ಪಿದ ಲೆಕ್ಕಪರಿಶೋಧಕರು ನಿರ್ಧರಿಸತಕ್ಕದ್ದು, ನಿವೃತ್ತರಾದ ಪಾಲುದಾರರ ಪಾಲನ್ನು ನಾಲ್ಕು ಅರ್ಧವಾರ್ಷಿಕ ಕಂತುಗಳಲ್ಲಿ ಬಡ್ಡಿಸಹಿತ ಸಲ್ಲಿಸತಕ್ಕದ್ದು, ಉಳಿದವರು ವ್ಯಾಪಾರ ಮುಂದುವರಿಸತಕ್ಕದ್ದು.” ಕಂತಿನ ಮಾತು ಬಿಟ್ಟುಹೋಗಿ ಲೆಕ್ಕ ಚುಕ್ತಾ ಆಗದೆ ವ್ಯಾಪಾರ ಮುಂದುವರಿದರೆ, 37ನೇ ಕಲಮಿನಂತೆ ಹೋದವರು ತಮ್ಮ ಪಾಲಿನ ಬಳಕೆಯಿಂದ ಬಂದ ಲಾಭವನ್ನೋ ಶೇ. 6ರ ಬಡ್ಡಿಯನ್ನೋ ಆಯ್ದುಕೊಳ್ಳಬಹುದು, ಮತ್ತು ಆ ಲಾಭ ಎಷ್ಟೆಂಬುದೇ ಹೊಸ ವ್ಯಾಜ್ಯವಾಗುತ್ತದೆ.

ಆದರೆ ಪತ್ರ ಎಷ್ಟೇ ಚೆನ್ನಾಗಿದ್ದರೂ ಅದು ಪಾಲುದಾರರ ನಡುವಿನ ಮಾತು. ಸಾಲ ಕೊಟ್ಟ ಹೊರಗಿನವರನ್ನು ಅದು ಕಟ್ಟಿಹಾಕದು. ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಆಗುವವರೆಗೆ, ನಿವೃತ್ತರಾದವರನ್ನು ಪಾಲುದಾರರೆಂದು ತಿಳಿದು ವ್ಯವಹರಿಸಿದವರಿಗೆ ಹೋದವರ ಹೊಣೆ ಮುಂದುವರಿಯುತ್ತದೆ. ನೋಂದಾಯಿತ ಸಂಸ್ಥೆಯಾದರೆ ಸಂಸ್ಥೆಗಳ ನೋಂದಣಾಧಿಕಾರಿಗೆ ತಿಳಿಸಿ, ರಾಜಪತ್ರದಲ್ಲಿಯೂ ಸಂಸ್ಥೆ ಇರುವ ಪ್ರದೇಶದ ಒಂದು ದೇಶಭಾಷಾ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಈ ಕೆಲಸ ಯಾರದು, ಎಷ್ಟು ದಿನದೊಳಗೆ ಎಂಬ ವಾಕ್ಯವೂ ಸೇರಿದಾಗಲೇ ನಿವೃತ್ತಿಯ ಷರತ್ತು ಪೂರ್ಣವಾಗುತ್ತದೆ.