ಪತ್ರಗಳು ಹೆಚ್ಚಿದವು, ವರಮಾನ ಕುಸಿಯಿತು

ಬೆಲೆ ಏರಿಳಿದಾಗ ಬೇಡಿಕೆ ಎಷ್ಟು ಪ್ರಮಾಣದಲ್ಲಿ ಬದಲಾಗುತ್ತದೆ ಎಂಬುದರ ಅಳತೆಯೇ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ. ಬೇಡಿಕೆಯಲ್ಲಾದ ಶೇಕಡಾವಾರು ಬದಲಾವಣೆಯನ್ನು ಬೆಲೆಯಲ್ಲಾದ ಶೇಕಡಾವಾರು ಬದಲಾವಣೆಯಿಂದ ಭಾಗಿಸಿದರೆ ಈ ಅಳತೆ ಸಿಗುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪರಿಕಲ್ಪನೆ ಅರ್ಥಶಾಸ್ತ್ರದಲ್ಲಿ ನೆಲೆಯೂರಿತು.

ಮಾರಾಟಗಾರನ ವರಮಾನವೆಂದರೆ ಬೆಲೆ ಮತ್ತು ಮಾರಾಟವಾದ ಪ್ರಮಾಣದ ಗುಣಲಬ್ಧ. ಬೆಲೆ ಇಳಿಸಿದರೆ ಹೊಸ ಗಿರಾಕಿಗಳು ಬರುತ್ತಾರೆ. ಆದರೆ ಹಳೆಯ ಬೆಲೆಗೇ ಕೊಳ್ಳಲು ಸಿದ್ಧರಿದ್ದವರೂ ಈಗ ಕಡಿಮೆ ಕೊಡುತ್ತಾರೆ. ಮೊದಲನೆಯದರಿಂದ ಬರುವ ಲಾಭ ಎರಡನೆಯದರ ನಷ್ಟವನ್ನು ಮೀರಬೇಕಾದರೆ ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಹೆಚ್ಚಿರಬೇಕು. ಒಂದಕ್ಕಿಂತ ಕಡಿಮೆಯಿದ್ದರೆ ಅಂಗಡಿಯಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಗಲ್ಲಾ ಪೆಟ್ಟಿಗೆ ಹಗುರವಾಗುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ ಬ್ರಿಟನ್ನಿನ ಅಂಚೆ ಇಲಾಖೆ. ಅಲ್ಲಿ ಕಾಗದದ ಹಾಳೆಗಳನ್ನು ಎಣಿಸಿ, ದೂರ ನೋಡಿ ದರ ಹಾಕುತ್ತಿದ್ದರು. ಇದನ್ನು ಕೈಬಿಟ್ಟು ದೇಶದೊಳಗೆ ಎಲ್ಲಿಗಾದರೂ ಒಂದು ಪೆನ್ನಿ ಮಾಡಬೇಕೆಂದು 1837ರಲ್ಲಿ ರೋಲೆಂಡ್ ಹಿಲ್ ವಾದಿಸಿದರು. ಪತ್ರಗಳ ಸಂಖ್ಯೆ ಸುಮಾರು ಐದು ಪಟ್ಟಾಗಿ ವರಮಾನ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ ಎಂಬುದು ಅವರ ಲೆಕ್ಕ. 1840ರ ಜನವರಿಯಲ್ಲಿ ಹೊಸ ದರ ಜಾರಿಗೆ ಬಂತು.

1839ರಲ್ಲಿ ಸುಮಾರು 7.6 ಕೋಟಿಯಿದ್ದ ಪತ್ರಗಳು 1840ರಲ್ಲಿ ಸುಮಾರು 16.9 ಕೋಟಿಗೆ ಏರಿದವು. ಒಂದೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚು! ಆದರೂ ಒಟ್ಟು ವರಮಾನ ಸುಮಾರು 23.9 ಲಕ್ಷ ಪೌಂಡಿನಿಂದ 13.6 ಲಕ್ಷಕ್ಕೆ ಕುಸಿಯಿತು. ವರಮಾನವನ್ನು ಪತ್ರಗಳಿಗೆ ಹಂಚಿದರೆ ಕಾರಣ ಕಾಣುತ್ತದೆ: ಪತ್ರವೊಂದಕ್ಕೆ ಸರಾಸರಿ ಏಳೂವರೆ ಪೆನ್ಸ್ ಸಿಗುತ್ತಿದ್ದಲ್ಲಿ ಎರಡೂ ಸಿಗಲಿಲ್ಲ. ದರ ಕಾಲುಭಾಗದಷ್ಟಕ್ಕೆ ಇಳಿದಾಗ ವರಮಾನ ಉಳಿಯಲು ಪತ್ರಗಳು ನಾಲ್ಕು ಪಟ್ಟಾಗಬೇಕಿತ್ತು. ಹಿಂದಿನ ಮತ್ತು ಹೊಸ ಅಂಕಿಗಳ ನಡುವಿನ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿದರೆ ಸ್ಥಿತಿಸ್ಥಾಪಕತ್ವ ಸುಮಾರು 0.64 ಬರುತ್ತದೆ.

ಹಾಗೆಂದು ಹಿಲ್ ಅವರ ಲೆಕ್ಕ ಪೂರ್ತಿ ಹುಸಿಯಾಯಿತು ಎನ್ನಲಾಗದು. ಪತ್ರ ಬರೆಯುವ ರೂಢಿ ಒಂದು ವರ್ಷದಲ್ಲಿ ಬೆಳೆಯುವುದಿಲ್ಲ. ಅಲ್ಪಾವಧಿಗಿಂತ ದೀರ್ಘಾವಧಿಯಲ್ಲಿ ಬೇಡಿಕೆ ಬೆಲೆಗೆ ಹೆಚ್ಚು ಸ್ಪಂದಿಸುತ್ತದೆ. ಪತ್ರಗಳು ವರ್ಷವರ್ಷವೂ ಹೆಚ್ಚುತ್ತ ಹೋಗಿ, 1850ರ ದಶಕದ ಆರಂಭದಲ್ಲಿ ಒಟ್ಟು ವರಮಾನ ಹಳೆಯ ಮಟ್ಟ ಮುಟ್ಟಿತು. ಆದರೆ ಈ ಏರಿಕೆಯನ್ನೆಲ್ಲ ದರ ಕಡಿತದ ಲೆಕ್ಕಕ್ಕೆ ಬರೆಯುವುದು ತಪ್ಪು. ಅದೇ ಅವಧಿಯಲ್ಲಿ ರೈಲು, ಅಕ್ಷರಜ್ಞಾನ, ವ್ಯಾಪಾರ ಎಲ್ಲವೂ ಹಬ್ಬಿದ್ದವು. ಉಳಿದ ಸಂಗತಿಗಳು ಬದಲಾಗದಿದ್ದಾಗ ಮಾತ್ರ ಈ ಅಳತೆಯನ್ನು ನಂಬಬಹುದು.

ವರಮಾನ ಮರಳಿದ ಮಾತ್ರಕ್ಕೆ ಲಾಭ ಮರಳುವುದೂ ಇಲ್ಲ. ಹೆಚ್ಚು ಪತ್ರಗಳನ್ನು ಸಾಗಿಸಿ ಬಟವಾಡೆ ಮಾಡಲು ಹೆಚ್ಚು ಖರ್ಚು ಬೇಕು. ಅಂಚೆಯ ನಿವ್ವಳ ಆದಾಯ 1839ರ ಮಟ್ಟಕ್ಕೆ ಬರಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.