ಹೊಟ್ಟೆಯ ಮೇಲ್ಭಾಗದ ನೋವು: ಅಮೈಲೇಸ್, ಲೈಪೇಸ್ ಅಂಕಿಗಳನ್ನು ಓದುವ ಬಗೆ

ಐವತ್ತೆರಡು ವರ್ಷದ ಗೃಹಿಣಿಯೊಬ್ಬರು ಲಗ್ನದ ಊಟ ಮುಗಿಸಿ ಮನೆಗೆ ಬಂದಿದ್ದಾರೆಂದು ಭಾವಿಸೋಣ. ರಾತ್ರಿ ಹತ್ತರ ಸುಮಾರಿಗೆ ಎದೆಗೂಡಿನ ಕೆಳಗೆ, ಹೊಟ್ಟೆಯ ನಡುವೆ ನೋವು ಕಾಣಿಸಿಕೊಳ್ಳುತ್ತದೆ. ಅಜೀರ್ಣವೆಂದು ಮನೆಯವರು ಓಮಿನ ಕಷಾಯ ಕೊಡುತ್ತಾರೆ. ನೋವು ತಗ್ಗುವುದಿಲ್ಲ, ಬದಲಾಗಿ ಬೆನ್ನಿಗೆ ಹಾಯುತ್ತದೆ. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕುಳಿತರೆ ತುಸು ಹಗುರ. ಮೂರು ನಾಲ್ಕು ಸಲ ವಾಂತಿಯಾದ ಮೇಲೂ ಸಮಾಧಾನವಿಲ್ಲ. ಬೆಳಗಿನ ಆರು ಗಂಟೆಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ.

ವೈದ್ಯರು ಮೊದಲು ಇ.ಸಿ.ಜಿ. ತೆಗೆಸುತ್ತಾರೆ. ಹೃದಯಾಘಾತವೂ ಕೆಲವೊಮ್ಮೆ ಹೊಟ್ಟೆಯ ಮೇಲ್ಭಾಗದ ನೋವಾಗಿಯೇ ತೋರುವುದರಿಂದ ಈ ಎಚ್ಚರಿಕೆ ಅವಶ್ಯ. ಅದು ಸರಿಯಿದೆಯೆಂದಾದ ಮೇಲೆ ರಕ್ತಪರೀಕ್ಷೆಯ ವರದಿ ಬರುತ್ತದೆ. ಅಮೈಲೇಸ್ 640; ಆ ಪ್ರಯೋಗಶಾಲೆಯ ಮೇಲ್ಮಿತಿ 100. ಲೈಪೇಸ್ 1,150; ಮೇಲ್ಮಿತಿ 60. ಈ ಅಂಕಿಗಳನ್ನು ಕಂಡ ಮಗನಿಗೆ ಕಣ್ಣು ಕತ್ತಲೆಗೂಡುತ್ತದೆ. ‘ಒಂದು ಆರು ಪಟ್ಟು, ಇನ್ನೊಂದು ಹತ್ತೊಂಬತ್ತು ಪಟ್ಟು! ಅವ್ವನ ಜೀವಕ್ಕೇನಾದರೂ ಅಪಾಯವಿದೆಯೇ ಡಾಕ್ಟರೆ?’ ಎಂದು ಕೇಳುತ್ತಾನೆ.

ಈ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಆ ಎರಡು ವಸ್ತುಗಳ ಪರಿಚಯ ಬೇಕು. ಜಠರದ ಹಿಂದೆ, ಬೆನ್ನುಹುರಿಯ ಮೂಳೆಗಳಿಗೆ ಅಡ್ಡಲಾಗಿ ಮೇದೋಜೀರಕ ಗ್ರಂಥಿಯಿದೆ. ಅದು ಒಸರಿಸುವ ಜೀರ್ಣರಸದಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವೇ ಅಮೈಲೇಸ್. ಕೊಬ್ಬನ್ನು ಒಡೆಯುವುದು ಲೈಪೇಸ್. ಇವು ನಾಳದ ಮೂಲಕ ಸಣ್ಣ ಕರುಳನ್ನು ಸೇರಬೇಕು. ರಕ್ತದಲ್ಲಿ ಇವುಗಳ ಪ್ರಮಾಣ ಸದಾ ಅಲ್ಪ. ಗ್ರಂಥಿಗೆ ಉರಿಯೂತ ತಗುಲಿ ಅದರ ಜೀವಕೋಶಗಳು ಗಾಸಿಗೊಂಡಾಗ ಇವು ರಕ್ತಕ್ಕೆ ಸೋರುತ್ತವೆ. ವರದಿಯಲ್ಲಿ ಕಾಣುವುದು ಈ ಸೋರಿಕೆಯ ಅಳತೆ.

ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಅಳೆಯುವ ವಿಧಾನ ಬೇರೆಯಾಗಿರುವುದರಿಂದ ಬರಿಯ ಅಂಕಿಯನ್ನು ನೋಡಿ ಪ್ರಯೋಜನವಿಲ್ಲ. ಅದರ ಪಕ್ಕದಲ್ಲಿ ಅಚ್ಚಾದ ಮೇಲ್ಮಿತಿಯ ಎಷ್ಟು ಪಟ್ಟು ಎಂಬುದನ್ನು ನೋಡಬೇಕು. ವೈದ್ಯರು ಇಟ್ಟುಕೊಂಡಿರುವ ಗೆರೆ ಮೂರು ಪಟ್ಟು. 2012ರಲ್ಲಿ ಪರಿಷ್ಕೃತವಾದ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಮೂರು ಲಕ್ಷಣಗಳಲ್ಲಿ ಎರಡಿದ್ದರೆ ಅದು ಮೇದೋಜೀರಕದ ತೀವ್ರ ಉರಿಯೂತ: ಅದಕ್ಕೆ ಸಹಜವಾದ ನೋವು, ಮೂರು ಪಟ್ಟಿಗಿಂತ ಹೆಚ್ಚಿದ ಅಮೈಲೇಸ್ ಅಥವಾ ಲೈಪೇಸ್, ಸ್ಕ್ಯಾನಿನಲ್ಲಿ ಕಾಣುವ ಗುರುತು. ನಮ್ಮ ಗೃಹಿಣಿಯಲ್ಲಿ ಮೊದಲೆರಡೂ ಇವೆ. ಆದುದರಿಂದ ರೋಗನಿರ್ಣಯಕ್ಕೆಂದೇ ಆ ದಿನ ಸಿ.ಟಿ. ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ.

ಇಲ್ಲಿಗೆ ಆ ಅಂಕಿಗಳ ಮುಖ್ಯ ಕೆಲಸ ಮುಗಿಯಿತು. ರೋಗ ಯಾವುದೆಂದು ಅವು ಹೇಳುತ್ತವೆ. ಎಷ್ಟು ಕಠಿಣವೆಂದು ಹೇಳುವುದಿಲ್ಲ. ಮಗನ ಭಯಕ್ಕೆ ಕಾರಣ ಈ ಭೇದವನ್ನು ಅರಿಯದಿರುವುದೇ ಆಗಿದೆ. ಲೈಪೇಸ್ ಇಪ್ಪತ್ತು ಪಟ್ಟು ಏರಿದವರು ವಾರದೊಳಗೆ ಮನೆಗೆ ಮರಳಬಹುದು. ನಾಲ್ಕೇ ಪಟ್ಟು ಏರಿದವರು ತೀವ್ರ ನಿಗಾ ಘಟಕ ಸೇರಬಹುದು. ಕಾಠಿಣ್ಯವನ್ನು ತಿಳಿಯಲು ವೈದ್ಯರು ಬೇರೆಡೆ ನೋಡುತ್ತಾರೆ. ನಾಡಿಯ ವೇಗವೆಷ್ಟು, ಉಸಿರಾಟ ಏದುಸಿರಾಗುತ್ತಿದೆಯೇ, ರಕ್ತದೊತ್ತಡ ಇಳಿಯುತ್ತಿದೆಯೇ, ಮೂತ್ರ ಸಾಕಷ್ಟು ಆಗುತ್ತಿದೆಯೇ, ರಕ್ತದಲ್ಲಿ ಯೂರಿಯಾ ಏರುತ್ತಿದೆಯೇ ಎಂಬುದೇ ಅವರ ಗಮನ. ಶ್ವಾಸಕೋಶ, ಮೂತ್ರಪಿಂಡ, ರಕ್ತಪರಿಚಲನೆ ಇವುಗಳಲ್ಲಿ ಒಂದಾದರೂ ಸೋತು 48 ತಾಸು ಮೀರಿದರೂ ಚೇತರಿಸದಿದ್ದರೆ ಅದನ್ನು ಕಠಿಣ ಪ್ರಕರಣವೆನ್ನುತ್ತಾರೆ.

ಇನ್ನು ಕಾರಣದ ವಿಚಾರ. ‘ನಮ್ಮ ಮನೆಯಲ್ಲಿ ಮದ್ಯ ಮುಟ್ಟಿದವರೇ ಇಲ್ಲ, ಈ ಕಾಯಿಲೆ ಹೇಗೆ ಬಂತು?’ ಎಂದು ಮನೆಯವರು ಕೇಳುವುದುಂಟು. ಮದ್ಯಪಾನ ಒಂದು ಕಾರಣ ಹೌದು. ಆದರೆ ಪಿತ್ತಕೋಶದ ಕಲ್ಲು ಅಷ್ಟೇ ಮುಖ್ಯವಾದ ಕಾರಣ. ಸಣ್ಣ ಕಲ್ಲೊಂದು ಜಾರಿ, ಪಿತ್ತನಾಳವೂ ಮೇದೋಜೀರಕದ ನಾಳವೂ ಕೂಡಿ ಕರುಳಿಗೆ ತೆರೆಯುವ ಬಾಯಲ್ಲಿ ಸಿಕ್ಕಿಕೊಂಡರೆ ಗ್ರಂಥಿಯ ರಸಕ್ಕೆ ದಾರಿಯಿಲ್ಲದಾಗುತ್ತದೆ. ಇದರ ಸುಳಿವು ಅಮೈಲೇಸಿನಲ್ಲಿಲ್ಲ, ಯಕೃತ್ತಿನ ಪರೀಕ್ಷೆಯಲ್ಲಿದೆ. ಈ ಗೃಹಿಣಿಯ ಎ.ಎಲ್.ಟಿ. 260. ಮೇದೋಜೀರಕದ ಉರಿಯೂತವಿರುವವರಲ್ಲಿ ಅದು 150 ದಾಟಿದರೆ ಕಲ್ಲಿನ ಶಂಕೆ ಬಲವಾಗುತ್ತದೆ. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಪಿತ್ತಕೋಶದ ಕಲ್ಲುಗಳು ಕಂಡೇಬಿಟ್ಟವು.

ನಾಲ್ಕನೆಯ ದಿನ ನೋವು ಅಡಗಿದೆ, ಗಂಜಿ ಕುಡಿದು ಅರಗಿಸಿಕೊಂಡಿದ್ದಾರೆ. ಮತ್ತೆ ಮಾಡಿಸಿದ ಪರೀಕ್ಷೆಯಲ್ಲಿ ಅಮೈಲೇಸ್ 95ಕ್ಕೆ ಇಳಿದಿದೆ, ಲೈಪೇಸ್ ಮಾತ್ರ ಇನ್ನೂ 420. ಮನೆಯವರಿಗೆ ಮತ್ತೆ ಚಿಂತೆ. ಇದು ರೋಗ ಉಳಿದಿರುವ ಲಕ್ಷಣವಲ್ಲ. ಎರಡೂ ಕಿಣ್ವಗಳು ನೋವು ತೊಡಗಿದ ಕೆಲವೇ ತಾಸುಗಳಲ್ಲಿ ಏರುತ್ತವೆ. ಅಮೈಲೇಸ್ ಮೂರರಿಂದ ಐದು ದಿನಗಳಲ್ಲಿ ಸಹಜಸ್ಥಿತಿಗೆ ಬರುತ್ತದೆ, ಲೈಪೇಸಿಗೆ ಎಂಟರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಹೀಗಾಗಿ ದಿನದಿನವೂ ಇವನ್ನು ಅಳೆಯಿಸುವುದರಿಂದ ಖರ್ಚು ಹೆಚ್ಚುವುದೇ ಹೊರತು ಚಿಕಿತ್ಸೆಗೆ ದಾರಿ ತೋರದು. ಹಸಿವಾಗುವುದು, ಉಂಡದ್ದು ನಿಲ್ಲುವುದು, ನೋವು ಮರುಕಳಿಸದಿರುವುದು ಇವೇ ಚೇತರಿಕೆಯ ಗುರುತು.

ಇದೇ ಲೆಕ್ಕದಿಂದ ಮತ್ತೊಂದು ಮಾತು ಹೊಳೆಯುತ್ತದೆ. ಆ ಗೃಹಿಣಿ ನೋವನ್ನು ಸಹಿಸಿಕೊಂಡು ನಾಲ್ಕನೆಯ ದಿನ ಆಸ್ಪತ್ರೆಗೆ ಬಂದಿದ್ದರೆ, ಅಮೈಲೇಸ್ ಒಂದನ್ನೇ ನೋಡಿದವರಿಗೆ ಎಲ್ಲವೂ ಸರಿಯಿದೆ ಎನಿಸುತ್ತಿತ್ತು. ಲೈಪೇಸನ್ನು ಹೆಚ್ಚು ನಂಬುವುದು ಇದಕ್ಕಾಗಿಯೇ. ಅಮೈಲೇಸ್ ದಾರಿ ತಪ್ಪಿಸುವ ಇನ್ನೊಂದು ಸಂದರ್ಭವೂ ಇದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತವಾಗಿದ್ದರೆ ಅದೇ ಉರಿಯೂತಕ್ಕೆ ಕಾರಣವಾಗಬಲ್ಲದು. ಆಗ ರಕ್ತದ ತಿಳಿ ಹಾಲಿನಂತಾಗಿ, ಅಮೈಲೇಸಿನ ಅಳತೆ ತಪ್ಪಾಗಿ ಕಡಿಮೆ ಬರಬಹುದು.

ಅಂಕಿ ಮೇಲ್ಮಿತಿಯನ್ನು ದಾಟಿಯೂ ಮೂರು ಪಟ್ಟನ್ನು ಮುಟ್ಟದಿದ್ದರೆ ಇನ್ನೂ ಹೆಚ್ಚಿನ ವಿವೇಚನೆ ಬೇಕು. ಅಮೈಲೇಸ್ ಬಾಯಿಯ ಲಾಲಾಗ್ರಂಥಿಗಳಲ್ಲಿಯೂ ಹುಟ್ಟುವುದರಿಂದ ಮಂಗನಬಾವಿನಲ್ಲಿ ಅದು ಏರುತ್ತದೆ. ಲೈಪೇಸ್ ಸಹಜವಾಗಿಯೇ ಇರುತ್ತದೆ. ಮೂತ್ರಪಿಂಡದ ಕಾಯಿಲೆಯವರಲ್ಲಿ ಎರಡೂ ದೇಹದಿಂದ ಹೊರಹೋಗದೆ ತುಸು ಏರಿರಬಹುದು. ಆದರೆ ಜಠರದ ಹುಣ್ಣು ತೂತಾದಾಗ, ಕರುಳು ಕಟ್ಟಿದಾಗ, ಕರುಳಿನ ರಕ್ತಸಂಚಾರ ನಿಂತಾಗಲೂ ಇಂಥದೇ ಅಲ್ಪ ಏರಿಕೆ ಕಾಣುತ್ತದೆ. ಇವು ತಡಮಾಡಿದರೆ ಪ್ರಾಣಕ್ಕೇ ಎರವಾಗುವಂಥವು. ಹೊಟ್ಟೆ ಹಲಗೆಯಂತೆ ಬಿಗಿದಿದ್ದರೆ ‘ಸ್ವಲ್ಪ ಮಾತ್ರ ಹೆಚ್ಚಿದೆ’ ಎಂಬ ವರದಿಯನ್ನು ನಂಬಿ ಮನೆಯಲ್ಲಿ ಕೂರಲಾಗದು. ಇಂಥ ಸಂದೇಹದಲ್ಲಿ ಸಿ.ಟಿ. ಸ್ಕ್ಯಾನ್ ತಕ್ಷಣವೇ ಬೇಕಾಗುತ್ತದೆ.

ಗೃಹಿಣಿಯ ಚಿಕಿತ್ಸೆ ಇನ್ನೂ ಒಂದು ಹೆಜ್ಜೆ ಉಳಿದಿದೆ. ಕಲ್ಲು ಪಿತ್ತಕೋಶದಲ್ಲಿರುವ ತನಕ ಇದೇ ನೋವು ಮರಳಿ ಬರಬಹುದು. ಆದುದರಿಂದ ಸೌಮ್ಯ ಪ್ರಕರಣಗಳಲ್ಲಿ ಅದೇ ಸಲ, ಮನೆಗೆ ಕಳುಹಿಸುವ ಮೊದಲೇ ಪಿತ್ತಕೋಶವನ್ನು ತೆಗೆಯುವುದು ಇಂದಿನ ಪದ್ಧತಿ. ‘ನೋವು ಹೋಯಿತಲ್ಲ, ಶ್ರಾವಣ ಕಳೆಯಲಿ, ಸುಗ್ಗಿ ಮುಗಿಯಲಿ’ ಎಂದು ಮುಂದೂಡುವ ಮನೆಗಳು ಇದನ್ನು ನೆನಪಿನಲ್ಲಿಡಬೇಕು. ವೈದ್ಯರ ಬಳಿ ಹೋಗುವಾಗ ನೋವು ಯಾವ ದಿನ, ಯಾವ ಹೊತ್ತಿಗೆ ಆರಂಭವಾಯಿತೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಆ ಹೊತ್ತು ತಿಳಿದರೇನೇ ವರದಿಯ ಅಂಕಿಗೆ ಸರಿಯಾದ ಅರ್ಥ ಹೊರಡುವುದು.