ತಾಮ್ರದ ಪೈಪ್ ಮುದುಡದೆ ಬಾಗಬೇಕಾದರೆ

ಸ್ಪ್ಲಿಟ್ ಎ.ಸಿ. ಕೂರಿಸುವಾಗ ಒಳಗಿನ ಯೂನಿಟ್‌ನಿಂದ ಹೊರಗಿನ ಯೂನಿಟ್‌ಗೆ ಎರಡು ತಾಮ್ರದ ಪೈಪ್ ಎಳೆಯುತ್ತಾರೆ. ದಾರಿಯಲ್ಲಿ ಗೋಡೆಯಿಂದ 10 ಸೆಂ.ಮೀ. ಮುಂದೆ ಚಾಚಿದ ಪಿಲ್ಲರ್ ಅಡ್ಡ ಬಂತೆನ್ನಿ. ಪೈಪ್ ಕತ್ತರಿಸಿ ಎಲ್ಬೋ ಹಾಕಿದರೆ ಪಿಲ್ಲರ್ ಹತ್ತಲು ಎರಡು, ಇಳಿಯಲು ಎರಡು ಎಲ್ಬೋ ಬೇಕು. ಒಂದೊಂದಕ್ಕೂ ಎರಡು ಬೆಸುಗೆ. ಎರಡು ಪೈಪಿಗೆ ಸೇರಿ ಹದಿನಾರು! ಒಂದು ಬೆಸುಗೆ ಸರಿಯಾಗದಿದ್ದರೂ ಗ್ಯಾಸ್ ಸೋರುತ್ತದೆ. ಪೈಪನ್ನೇ ಬಾಗಿಸಿದರೆ ಅಲ್ಲಿ ಒಂದೂ ಬೆಸುಗೆ ಬೇಕಿಲ್ಲ.

ಬಾಗಿಸುವಾಗ ಹೊರಬದಿಯ ತಾಮ್ರ ಹಿಗ್ಗಿ ತೆಳುವಾಗುತ್ತದೆ, ಒಳಬದಿಯದು ಒತ್ತಿಕೊಂಡು ದಪ್ಪವಾಗುತ್ತದೆ. ಆಸರೆಯಿಲ್ಲದ ಪೈಪ್ ಮೊದಲು ಚಪ್ಪಟೆಯಾಗಿ, ಆಮೇಲೆ ಒಳಬದಿಯಲ್ಲಿ ಮುದುಡಿ ಮಡಚಿಕೊಳ್ಳುತ್ತದೆ. ಆ ಆಸರೆಯನ್ನು ಕೊಡುವುದೇ ಸ್ಪ್ರಿಂಗ್‌ನ ಕೆಲಸ. ಪೈಪಿನ ಅಳತೆಗೆ ಸರಿಹೊಂದುವ ಸ್ಪ್ರಿಂಗನ್ನು ಹೊರಗಿನಿಂದ ತೊಡಿಸಿ, ಬಾಗು ಅದರ ನಡುಭಾಗಕ್ಕೆ ಬರುವಂತೆ ಇಟ್ಟುಕೊಳ್ಳಬೇಕು. ಎರಡು ಕೈಯನ್ನೂ ತುಸು ದೂರ ಹಿಡಿದು, ನಿಧಾನವಾಗಿ, ದೊಡ್ಡ ಸುತ್ತಿನಲ್ಲಿ ಬಗ್ಗಿಸಬೇಕು. ಬೇಕಾದ್ದಕ್ಕಿಂತ ಕೂದಲಷ್ಟು ಹೆಚ್ಚು ಬಗ್ಗಿಸಿ ಹಿಂದಕ್ಕೆ ತಂದರೆ ಸ್ಪ್ರಿಂಗ್ ಸಡಿಲವಾಗಿ, ತಿರುಚಿದರೆ ಹೊರಬರುತ್ತದೆ. ಪೈಪಿನ ತುದಿಯನ್ನು ಫ್ಲೇರ್ ಮಾಡುವುದು ಇದಾದ ಮೇಲೆಯೇ, ಇಲ್ಲದಿದ್ದರೆ ಅಗಲವಾದ ತುದಿ ದಾಟಿ ಸ್ಪ್ರಿಂಗ್ ಬರುವುದಿಲ್ಲ. ಅರ್ಧ ಇಂಚಿನ ಪೈಪಿಗೆ ಸಣ್ಣ ಸುತ್ತು ಬೇಕಿದ್ದರೆ, ಅಥವಾ ಕೋನ ಕರಾರುವಾಕ್ಕಾಗಿ ಬರಬೇಕಿದ್ದರೆ, ಲಿವರ್ ಬೆಂಡರ್ ಹಿಡಿಯುವುದೇ ಮೇಲು. ಅದರ ಚಕ್ರದ ಮೇಲೆ ಡಿಗ್ರಿ ಗುರುತುಗಳಿರುತ್ತವೆ.

ಇನ್ನು ಪಿಲ್ಲರ್ ಲೆಕ್ಕ. 30 ಡಿಗ್ರಿಯ ಎರಡು ಬಾಗು ಕೊಡುವುದಾದರೆ, ಪೈಪಿನ ಮೇಲೆ ಅವೆರಡರ ನಡುವಿನ ಅಂತರ ಏರಬೇಕಾದ ಎತ್ತರದ ಎರಡರಷ್ಟು, ಅಂದರೆ 20 ಸೆಂ.ಮೀ. ಗೋಡೆಯುದ್ದಕ್ಕೆ ಅಳೆದರೆ ಈ ಓರೆ ಸುಮಾರು 17 ಸೆಂ.ಮೀ. ಮಾತ್ರ ಮುಂದೆ ಸಾಗುತ್ತದೆ. ಬಾಗಿನ ಸುತ್ತು ಪಿಲ್ಲರಿನ ಮೂಲೆಗೆ ತಾಗದಿರಲೆಂದು ಇನ್ನೆರಡು ಸೆಂ.ಮೀ. ಬಿಟ್ಟು, ಮೊದಲ ಗುರುತನ್ನು ಮೂಲೆಗಿಂತ 19 ಸೆಂ.ಮೀ. ಹಿಂದೆ ಹಾಕುವುದು ಸರಿ. 45 ಡಿಗ್ರಿಗೆ ಅಂತರ 14 ಸೆಂ.ಮೀ. ಸಾಕು, ಆದರೆ ಬಾಗು ಕಡಿದಾಗುತ್ತದೆ. ಜಾಗವಿದ್ದಲ್ಲಿ 30 ಡಿಗ್ರಿಯೇ ಒಳ್ಳೆಯದು.

ಬಗ್ಗಿಸುವ ಮೊದಲು ಪೈಪಿನ ಉದ್ದಕ್ಕೂ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಮೊದಲ ಬಾಗಿನಲ್ಲಿ ಗೆರೆ ಹೊರಬದಿಗಿದ್ದರೆ ಎರಡನೆಯದರಲ್ಲಿ ಸರಿಯಾಗಿ ಒಳಬದಿಗೆ ಬರಬೇಕು. ಗೆರೆ ಪಕ್ಕಕ್ಕೆ ಜರುಗಿತೆಂದರೆ ಪೈಪ್ ತಿರುಚಿಕೊಂಡು ಗೋಡೆಗೆ ಕೂರುವುದಿಲ್ಲ.

ತಪ್ಪಿದ ಬಾಗನ್ನು ನೆಟ್ಟಗೆ ಮಾಡಿ ಅಲ್ಲೇ ಮತ್ತೆ ಬಗ್ಗಿಸಬಾರದು. ಬಗ್ಗಿದಷ್ಟೂ ತಾಮ್ರ ಗಡುಸಾಗುತ್ತದೆ, ಕೊನೆಗೆ ಸೀಳುತ್ತದೆ. ಮಡಚಿಕೊಂಡ ಭಾಗವನ್ನು ಕತ್ತರಿಸಿ ತೆಗೆಯಬೇಕು, ಏಕೆಂದರೆ ಅಲ್ಲಿ ಗ್ಯಾಸ್‌ನ ಹರಿವು ಕಟ್ಟಿ ತಂಪು ಕಡಿಮೆಯಾಗುತ್ತದೆ. ಇನ್ಸುಲೇಷನ್ ಸುತ್ತಿದ ಮೇಲೆ ಇದೊಂದೂ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಮನೆಯಲ್ಲಿ ಕೆಲಸ ನಡೆಯುತ್ತಿದ್ದರೆ ಟೇಪ್ ಸುತ್ತುವ ಮೊದಲೇ ಪ್ರತಿ ಬಾಗಿನ ಒಳಬದಿಯ ಮೇಲೆ ಬೆರಳಾಡಿಸಿ, ಸುಕ್ಕು ಸಿಕ್ಕರೆ ಆಗಲೇ ಹೇಳಿ.